17 ಕಿಲೋ ಹಾಸಿಗೆಗೆ 90 ಕಿಲೋ ದರ: ಫೋಮ್ ಹಾಸಿಗೆಯ ತೂಕ, ಸುರುಳಿಯ ಗಾತ್ರ ಲೆಕ್ಕ ಹಾಕುವುದು ಹೇಗೆ?

ಶಾರದಾ, ಕುಂಜಿಬೆಟ್ಟು

ಮಗಳಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ, ಬಾಡಿಗೆ ಮನೆಯನ್ನೂ ನೋಡಿಕೊಂಡಿದ್ದಾಳೆ. ನಮ್ಮ ಮಾಳಿಗೆಯ ಕೋಣೆಯಲ್ಲಿ ನೆಂಟರು ಬಂದಾಗ ಮಾತ್ರ ಬಳಸುವ ಫೋಮ್ ಹಾಸಿಗೆ ಒಂದಿದೆ. ಅಳತೆ 78 × 60 × 6 ಇಂಚು. ಕೊಳ್ಳುವಾಗ ಅಂಗಡಿಯವರು ‘40 ಡೆನ್ಸಿಟಿ’ ಎಂದಿದ್ದರು. ಅದನ್ನೇ ಕಳುಹಿಸೋಣ ಎಂದು ಕೊರಿಯರ್ ಕಚೇರಿಗೆ ಹೋದರೆ, ಅವರು ಅಳತೆ ಕೇಳಿಕೊಂಡು ಕಂಪ್ಯೂಟರಿನಲ್ಲಿ ಏನೋ ಒತ್ತಿ 90 ಕಿಲೋದ ದರ ಹೇಳಿದರು. ನಾನೂ ನಮ್ಮ ಯಜಮಾನರೂ ಸೇರಿ ಸಲೀಸಾಗಿ ಮಾಳಿಗೆಯಿಂದ ಇಳಿಸುವ ವಸ್ತು 90 ಕಿಲೋ ಹೇಗಾದೀತು?

ಹಾಸಿಗೆಯ ನಿಜವಾದ ತೂಕವನ್ನು ಅಳತೆಯಿಂದಲೇ ಲೆಕ್ಕ ಹಾಕಬಹುದೇ? ಹೊಸ ಹಾಸಿಗೆಗಳು ಪೆಟ್ಟಿಗೆಯಲ್ಲಿ ಸುರುಳಿಯಾಗಿ ಬರುತ್ತವಲ್ಲ, ಹಾಗೆ ಸುತ್ತಿದರೆ ಇದು ಎಷ್ಟು ಗಾತ್ರಕ್ಕೆ ಇಳಿಯುತ್ತದೆ?

ಮಲ್ಪೆ ಪ್ರಕಾಶ

ಅಕ್ಕ, 40 ಡೆನ್ಸಿಟಿ ಎಂದರೆ ತುಂಬ ಗಟ್ಟಿ ಹಾಸಿಗೆ, ಅದು ಸುರುಳಿಗೆ ಬಗ್ಗುವುದಿಲ್ಲ. 28, 32 ಆದರೆ ಮೆದು, ಅದನ್ನು ಮಾತ್ರ ಸುತ್ತಬಹುದು. ಬೆನ್ನುನೋವು ಇರುವವರಿಗೆ 40ಕ್ಕಿಂತ ಹೆಚ್ಚಿನದೇ ಬೇಕು ಎಂದು ನಮ್ಮ ಡಾಕ್ಟರೂ ಹೇಳಿದ್ದಾರೆ. ಮಗಳಿಗೆ ಬೆನ್ನುನೋವು ಇದೆಯೇ?

ಶಾರದಾ, ಕುಂಜಿಬೆಟ್ಟು

ಅವಳಿಗೆ ಬೆನ್ನುನೋವು ಇಲ್ಲ. ನೋವು ಇರುವುದು ಕೊರಿಯರ್ ದರ ಕೇಳಿದ ನನಗೆ.

ಫೋಮ್ ಶೆಟ್ಟಿ, ಬೈಕಂಪಾಡಿ

ಹಾಸಿಗೆ ತಯಾರಿಸುವ ಘಟಕದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಪ್ರಕಾಶರು ಹೇಳಿದ್ದರಲ್ಲಿ ಒಂದು ತಿದ್ದುಪಡಿ ಬೇಕು. ಡೆನ್ಸಿಟಿ ಎಂದರೆ ಗಟ್ಟಿತನವಲ್ಲ. ಒಂದು ಘನ ಮೀಟರ್ ಫೋಮ್ ಎಷ್ಟು ಕಿಲೋ ತೂಗುತ್ತದೆ ಎಂಬುದಷ್ಟೇ ಅದರ ಅರ್ಥ. ಗಟ್ಟಿತನವನ್ನು ತಯಾರಿಸುವಾಗ ರಾಸಾಯನಿಕಗಳ ಪ್ರಮಾಣದಿಂದ ಬೇರೆಯಾಗಿಯೇ ಹೊಂದಿಸುತ್ತಾರೆ. 40 ಡೆನ್ಸಿಟಿಯಲ್ಲಿ ಮೆತ್ತಗಿನ ಫೋಮ್ ಕೂಡ ಬರುತ್ತದೆ, 28ರಲ್ಲಿ ಹಲಗೆಯಂತೆ ಬಿಗಿಯಾದದ್ದೂ ಬರುತ್ತದೆ. ಒತ್ತಿ ನೋಡಿ ಡೆನ್ಸಿಟಿ ಹೇಳುತ್ತೇನೆ ಎನ್ನುವವರನ್ನು ನಂಬಬೇಡಿ. 40 ಡೆನ್ಸಿಟಿಯ ಹಾಸಿಗೆಯನ್ನು ಧಾರಾಳವಾಗಿ ಸುತ್ತಬಹುದು. ಸುತ್ತಬಾರದ್ದು ರೀಬಾಂಡೆಡ್ ಫೋಮ್, ಅಂದರೆ ಚೂರುಗಳನ್ನು ಅಂಟಿಸಿ ಒತ್ತಿ ಮಾಡಿದ ಬಣ್ಣಬಣ್ಣದ ಫೋಮ್. ಅದರ ಡೆನ್ಸಿಟಿ ಇದಕ್ಕಿಂತ ಎರಡು ಮೂರು ಪಟ್ಟು ಇರುತ್ತದೆ. ಬಲವಂತವಾಗಿ ಬಗ್ಗಿಸಿದರೆ ಒಳಗೇ ಬಿರುಕು ಬಿಡುತ್ತದೆ.

ಇನ್ನು ತೂಕ. ಇಂಚಿನಲ್ಲಿ ಉದ್ದ, ಅಗಲ, ದಪ್ಪ ಗುಣಿಸಿ. ಒಂದು ಘನ ಮೀಟರಿಗೆ ಸುಮಾರು 61,024 ಘನ ಇಂಚು, ಆದ್ದರಿಂದ ಬಂದ ಉತ್ತರವನ್ನು ಅದರಿಂದ ಭಾಗಿಸಿ ಡೆನ್ಸಿಟಿಯಿಂದ ಗುಣಿಸಿದರೆ ಕಿಲೋ ಸಿಗುತ್ತದೆ.

78 × 60 × 6 = 28,080
28,080 ÷ 61,024 = 0.46 ಘನ ಮೀಟರ್
0.46 × 40 = 18.4 ಕಿಲೋ

ಇದು ಬರಿಯ ಫೋಮಿನ ತೂಕ. ಮೇಲಿನ ಹೊಲಿದ ಕವರ್ ಇಷ್ಟು ದೊಡ್ಡ ಹಾಸಿಗೆಗೆ ಒಂದೂವರೆಯಿಂದ ಎರಡೂವರೆ ಕಿಲೋ ಆಗುತ್ತದೆ. ಅಲ್ಲಿಗೆ ನಿಮ್ಮ ಹಾಸಿಗೆ 20 ಕಿಲೋದ ಆಸುಪಾಸಿನಲ್ಲಿ ಇರಬೇಕು. ಮನೆಯಲ್ಲಿ ತೂಕದ ಯಂತ್ರ ಇದ್ದರೆ ಒಮ್ಮೆ ತೂಗಿ ನೋಡಿ, ಅಂಗಡಿಯವರು ಹೇಳಿದ್ದು ನಿಜವೇ ಎಂಬುದೂ ಗೊತ್ತಾಗುತ್ತದೆ.

ಸುರತ್ಕಲ್ ಇಂಜಿನಿಯರ್

90 ಕಿಲೋ ಎಂಬುದು ಮೋಸವಲ್ಲ, ವಾಲ್ಯೂಮೆಟ್ರಿಕ್ ತೂಕ. ಸೆಂಟಿಮೀಟರಿನಲ್ಲಿ ಮೂರು ಅಳತೆಗಳನ್ನು ಗುಣಿಸಿ 5000ದಿಂದ ಭಾಗಿಸುತ್ತಾರೆ. 198 × 152 × 15 ÷ 5000, ಅಂದರೆ 90. ನಿಜವಾದ ತೂಕ, ಈ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ ಕಟ್ಟುತ್ತಾರೆ. ವಿಮಾನವಾಗಲಿ ಲಾರಿಯಾಗಲಿ, ಫೋಮ್ ಹಾಕಿದರೆ ಭಾರಕ್ಕಿಂತ ಮೊದಲು ಜಾಗ ಮುಗಿಯುತ್ತದೆ.

ಹೀರಿ ಗಾಳಿ ತೆಗೆದರೆ ತೂಕವೂ ಸ್ವಲ್ಪ ಇಳಿಯುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. 0.46 ಘನ ಮೀಟರ್ ಗಾಳಿಯೇ ಅರ್ಧ ಕಿಲೋ ಇದೆ.

ಪುತ್ತೂರು ಭಟ್

ಗಾಳಿ ಅರ್ಧ ಕಿಲೋ ಇರುವುದು ಸರಿ, ಆದರೆ ತಕ್ಕಡಿಗೆ ಅದು ಗೊತ್ತಾಗುವುದಿಲ್ಲ ಮಾರಾಯರೇ. ಸುತ್ತಲೂ ಅದೇ ಗಾಳಿ ಇರುವಾಗ ಫೋಮಿನ ಒಳಗಿನ ಗಾಳಿಯ ಭಾರ ಯಂತ್ರದ ಮೇಲೆ ಬೀಳುವುದಿಲ್ಲ. ಬಿಡಿಸಿ ತೂಗಿದರೂ ಸುತ್ತಿ ತೂಗಿದರೂ ಒಂದೇ. ಅದರಿಂದ ಒಂದು ಅನುಕೂಲವಿದೆ: ಹೊಸ ಹಾಸಿಗೆ ಮನೆಗೆ ಬಂದ ಕೂಡಲೇ ಪೆಟ್ಟಿಗೆ ತೆಗೆದು, ಪ್ಲಾಸ್ಟಿಕ್ ಬಿಚ್ಚುವ ಮೊದಲೇ ತೂಗಿಬಿಡಬಹುದು. ಬಿಚ್ಚಿದ ಮೇಲೆ ಅದು ಯಾವ ಯಂತ್ರದ ಮೇಲೂ ಕೂರುವುದಿಲ್ಲ. ನಾನು ಅಡಿಕೆ ತೂಗುವ ಯಂತ್ರದಲ್ಲಿ ಹಾಗೆಯೇ ಮಾಡಿದ್ದೆ.

ನನ್ನದೂ ಒಂದು ಪ್ರಶ್ನೆ ಇದೆ. ನಮ್ಮಲ್ಲಿ ತೆಂಗಿನ ನಾರಿನ ಹಳೆಯ ಹಾಸಿಗೆ ಇದೆ, ನಾರಿಗೆ ರಬ್ಬರ್ ಹಾಕಿ ಮಾಡಿದ್ದು. ಅದನ್ನೂ ಹೀಗೆ ಸುತ್ತಬಹುದೇ?

ಫೋಮ್ ಶೆಟ್ಟಿ, ಬೈಕಂಪಾಡಿ

ಬೇಡ ಭಟ್ಟರೇ. ನಾರಿನ ಹಾಸಿಗೆ ನಡುವೆ ಮುರಿಯುತ್ತದೆ, ಮುರಿದದ್ದು ಮತ್ತೆ ಕೂಡುವುದಿಲ್ಲ. ಅದನ್ನು ಚಪ್ಪಟೆಯಾಗಿಯೇ ಸಾಗಿಸಬೇಕು.

ಶಾರದಾ, ಕುಂಜಿಬೆಟ್ಟು

ತೂಗಿದೆವು. ಹಾಸಿಗೆಯನ್ನು ಹಗ್ಗದಲ್ಲಿ ಸಡಿಲವಾಗಿ ಸುತ್ತಿ, ಯಜಮಾನರು ಅದನ್ನು ಅಪ್ಪಿಕೊಂಡು ನಮ್ಮ ತೂಕದ ಯಂತ್ರದ ಮೇಲೆ ನಿಂತರು. ಅಂಕಿ ಅವರಿಗೆ ಕಾಣಿಸದ ಕಾರಣ ನಾನು ನೆಲದಲ್ಲಿ ಕೂತು ಓದಿದೆ. ಅವರ ತೂಕ ಕಳೆದರೆ ಹಾಸಿಗೆ 17.2 ಕಿಲೋ. ನೀವು ಹೇಳಿದ 20 ಕಿಲೋ ಬರಲಿಲ್ಲವಲ್ಲ?

ಫೋಮ್ ಶೆಟ್ಟಿ, ಬೈಕಂಪಾಡಿ

ಹಾಗಾದರೆ ಲೆಕ್ಕವನ್ನು ತಿರುಗಿಸಿ ಹಾಕೋಣ. ಕವರಿಗೆ ಕಡಿಮೆಯೆಂದರೆ ಒಂದೂವರೆ ಕಿಲೋ ಬಿಟ್ಟರೆ ಫೋಮ್ 15.7 ಕಿಲೋ. ಅದನ್ನು 0.46ರಿಂದ ಭಾಗಿಸಿದರೆ ಡೆನ್ಸಿಟಿ 34. ಕವರಿಗೆ ಎರಡೂವರೆ ಕಿಲೋ ಬಿಟ್ಟರೆ ಫೋಮ್ 14.7 ಕಿಲೋ, ಡೆನ್ಸಿಟಿ 32. ಮನೆಯ ಯಂತ್ರ ಅರ್ಧ ಕಿಲೋ ಆಚೀಚೆ ತೋರಿಸಿದರೂ ಈ ಅಂಕಿ ಒಂದರಷ್ಟು ಮಾತ್ರ ಬದಲಾಗುತ್ತದೆ. ಪೂರ್ತಿ ಹಾಸಿಗೆ 40 ಡೆನ್ಸಿಟಿ ಆಗಿರಲು ಸಾಧ್ಯವಿಲ್ಲ.

ಆದರೆ ಅಂಗಡಿಯವರ ಮೇಲೆ ಜಗಳಕ್ಕೆ ಹೋಗುವ ಮೊದಲು ದಪ್ಪವನ್ನು ಅಳೆಯಿರಿ. ತಪ್ಪು ನುಸುಳುವುದು ಹೆಚ್ಚಾಗಿ ಅಲ್ಲಿಯೇ. ಆರು ಇಂಚು ಎಂದು ಬರೆದದ್ದು ನಿಜಕ್ಕೂ ಐದೂವರೆ ಇದ್ದರೆ ಘನಗಾತ್ರ ನೂರಕ್ಕೆ ಎಂಟು ಪಾಲು ಇಳಿಯುತ್ತದೆ, ಅದೇ ತೂಕಕ್ಕೆ ಡೆನ್ಸಿಟಿ 36ರ ಹತ್ತಿರ ಬರುತ್ತದೆ. ಆಗ ನಿಮಗೆ ಕಡಿಮೆ ಸಿಕ್ಕಿದ್ದು ಡೆನ್ಸಿಟಿಯಷ್ಟೇ ಅಲ್ಲ, ದಪ್ಪವೂ ಹೌದು. ನೆಲದ ಮೇಲೆ ಹಾಸಿ, ಮೇಲೆ ನೇರವಾದ ಪಟ್ಟಿ ಇಟ್ಟು, ಒತ್ತದೆ ಅಳೆಯಿರಿ. ಟೇಪನ್ನು ಕವರಿನ ಅಂಚಿನ ಹೊಲಿಗೆಗೆ ತಾಗಿಸಬೇಡಿ, ಅಲ್ಲಿ ಬಟ್ಟೆ ಉಬ್ಬಿರುತ್ತದೆ.

ಶಾರದಾ, ಕುಂಜಿಬೆಟ್ಟು

ನಾಲ್ಕೂ ಬದಿಯಲ್ಲಿ ಆರು ಇಂಚು ಸರಿಯಾಗಿಯೇ ಇದೆ. ಹಳೆಯ ಬಿಲ್ಲನ್ನೂ ಹುಡುಕಿದೆ. ‘40 ಡೆನ್ಸಿಟಿ ಟಾಪ್’ ಎಂದು ಬರೆದಿದ್ದಾರೆ. ಟಾಪ್ ಎಂದರೆ ಒಳ್ಳೆಯ ದರ್ಜೆ ಎಂದುಕೊಂಡಿದ್ದೆ.

ಫೋಮ್ ಶೆಟ್ಟಿ, ಬೈಕಂಪಾಡಿ

ಅಲ್ಲಿಯೇ ಇದೆ ನೋಡಿ. ಮೇಲಿನ ಪದರ ಮಾತ್ರ 40. ಒಂದು ಇಂಚಿನ ಪದರ ಎಂದಿಟ್ಟುಕೊಂಡರೆ ಅದರ ಘನಗಾತ್ರ 0.077, ತೂಕ ಸುಮಾರು 3.1 ಕಿಲೋ. ಕೆಳಗಿನ ಐದು ಇಂಚು 32 ಡೆನ್ಸಿಟಿ ಆದರೆ 0.383ನ್ನು 32ರಿಂದ ಗುಣಿಸಿ 12.3 ಕಿಲೋ. ಎರಡೂ ಸೇರಿ 15.4. ಕವರಿಗೆ 1.8 ಸೇರಿಸಿದರೆ 17.2. ಪದರದ ಹಾಸಿಗೆಯ ತೂಕ ತೆಗೆಯುವ ಕ್ರಮವೂ ಇದೇ, ಪ್ರತಿ ಪದರವನ್ನು ಬೇರೆ ಬೇರೆ ಲೆಕ್ಕ ಹಾಕಿ ಕೂಡಿಸಬೇಕು. ಎರಡು ಡೆನ್ಸಿಟಿಗಳ ಸರಾಸರಿ ತೆಗೆದು 36 ಎಂದರೆ ತಪ್ಪುತ್ತದೆ, ಏಕೆಂದರೆ ದಪ್ಪಗಳು ಸಮವಲ್ಲ.

ಪುತ್ತೂರು ಭಟ್

ಶೆಟ್ಟರೇ, ಲೆಕ್ಕ ಸರಿಹೊಂದಿತು ಎಂದ ಮಾತ್ರಕ್ಕೆ ಒಳಗೆ ಹಾಗೆಯೇ ಇದೆ ಎಂದು ಹೇಳುವುದು ಹೇಗೆ? ಇಡೀ ಆರು ಇಂಚು 33ರ ಒಂದೇ ಫೋಮ್ ಆಗಿದ್ದರೂ ಇದೇ ತೂಕ ಬರುತ್ತದೆ. ಮೇಲೆ ಎರಡು ಇಂಚು 40, ಕೆಳಗೆ ನಾಲ್ಕು ಇಂಚು 30 ಇದ್ದರೂ ಅಷ್ಟೇ.

ಫೋಮ್ ಶೆಟ್ಟಿ, ಬೈಕಂಪಾಡಿ

ನಿಜ, ತೂಕ ಒಟ್ಟು ಮೊತ್ತವನ್ನು ಮಾತ್ರ ಹೇಳುತ್ತದೆ. ಕವರಿಗೆ ಜಿಪ್ ಇದ್ದರೆ ಬದಿಯಿಂದ ತೆರೆದು ಪದರಗಳನ್ನು ನೋಡಬಹುದು. ತೂಕಕ್ಕೂ ಮೋಸ ಮಾಡುವ ದಾರಿ ಇದೆ. ಫೋಮ್ ಹುಯ್ಯುವಾಗಲೇ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸೀಮೆಸುಣ್ಣದಂಥ ಪುಡಿಯನ್ನು ಬೆರೆಸಿ ಕಡಿಮೆ ಖರ್ಚಿನಲ್ಲಿ ಡೆನ್ಸಿಟಿ ಏರಿಸುವವರು ಇದ್ದಾರೆ. ತಕ್ಕಡಿಯಲ್ಲಿ 40 ಬರುತ್ತದೆ, ಬಾಳಿಕೆ ಬರುವುದಿಲ್ಲ. ಅಂಥ ಫೋಮಿನ ತುಂಡನ್ನು ಬೆರಳಿನಲ್ಲಿ ಬಲವಾಗಿ ಉಜ್ಜಿದರೆ ಬಿಳಿಯ ಪುಡಿ ತಾಗುತ್ತದೆ, ಎಳೆದರೆ ಬೇಗ ಹರಿಯುತ್ತದೆ. ಸುತ್ತಿಟ್ಟರಂತೂ ಮತ್ತೆ ಪೂರ್ತಿ ಏಳುವುದೇ ಕಷ್ಟ. ಹಾಗಾಗಿ ತೂಕ ಕಡಿಮೆ ಬಂದರೆ ಡೆನ್ಸಿಟಿ ಕಡಿಮೆ ಎಂದು ಖಚಿತವಾಗಿ ಹೇಳಬಹುದು. ತೂಕ ಸರಿ ಬಂದರೆ ಫೋಮ್ ಒಳ್ಳೆಯದು ಎಂದು ಹೇಳಲಾಗದು.

ಶಾರದಾ, ಕುಂಜಿಬೆಟ್ಟು

ಕವರಿಗೆ ಜಿಪ್ ಇಲ್ಲ, ಸುತ್ತಲೂ ಹೊಲಿದಿದ್ದಾರೆ. ಬಿಚ್ಚಲು ನನಗೆ ಮನಸ್ಸಿಲ್ಲ. ಇರಲಿ, ಸುರುಳಿಯ ವಿಷಯ ಹೇಳಿ.

ಸುರತ್ಕಲ್ ಇಂಜಿನಿಯರ್

ಸುರುಳಿಯ ಲೆಕ್ಕ ನಾನು ಹೇಳುತ್ತೇನೆ, ಇದು ಬರಿಯ ವೃತ್ತದ ಕ್ಷೇತ್ರಫಲ. ಕಾರ್ಖಾನೆಯಲ್ಲಿ ಒತ್ತಿದ ಫೋಮ್ ಹಾಸಿಗೆ ಸುಮಾರು ಐದನೇ ಒಂದು ದಪ್ಪಕ್ಕೆ ಇಳಿಯುತ್ತದೆ ಎಂದು ಇಟ್ಟುಕೊಳ್ಳಿ. ಪೆಟ್ಟಿಗೆಯಲ್ಲಿ ಬರುವ ಹಾಸಿಗೆಗಳ ಅಳತೆ ನೋಡಿದರೆ ಹೆಚ್ಚುಕಡಿಮೆ ಅದೇ ಪ್ರಮಾಣ ಸಿಗುತ್ತದೆ. ಆರು ಇಂಚು 1.2 ಇಂಚಾಯಿತು. ಅಗಲವನ್ನು ಮಧ್ಯಕ್ಕೆ ಮಡಿಸಿದರೆ 30 ಇಂಚು ಅಗಲ, 2.4 ಇಂಚು ದಪ್ಪದ ಪಟ್ಟಿ. ಅದರ ಉದ್ದ 78.

ಬದಿಯಿಂದ ನೋಡಿದರೆ ಸುರುಳಿಯ ವೃತ್ತದಲ್ಲಿ 78 × 2.4 = 187 ಚದರ ಇಂಚು ಫೋಮ್ ತುಂಬಿರುತ್ತದೆ. ಇದನ್ನು 4ರಿಂದ ಗುಣಿಸಿ 3.14ರಿಂದ ಭಾಗಿಸಿದರೆ 238. ನಡುವೆ ಉಳಿಯುವ ನಾಲ್ಕು ಇಂಚಿನ ತೂತಿಗೆ ಅದರ ವರ್ಗ 16 ಸೇರಿಸಿ, 254. ವರ್ಗಮೂಲ 16. ಸುರುಳಿಯ ಅಡ್ಡಳತೆ 16 ಇಂಚು. ಎತ್ತರ 30 ಇಂಚು, ಮಡಿಕೆಯ ಉಬ್ಬು ಮತ್ತು ಪ್ಲಾಸ್ಟಿಕ್ ಸೇರಿ 33.

ಕೊರಿಯರಿನವರು ದುಂಡಗಿನ ವಸ್ತುವನ್ನೂ ಚೌಕ ಪೆಟ್ಟಿಗೆ ಎಂದೇ ಅಳೆಯುತ್ತಾರೆ. 41 × 41 × 84 ಸೆಂಟಿಮೀಟರ್ ÷ 5000 = 28 ಕಿಲೋ. ತೊಂಬತ್ತರಿಂದ ಇಪ್ಪತ್ತೆಂಟಕ್ಕೆ ಇಳಿಯಿತು.

ಮಲ್ಪೆ ಪ್ರಕಾಶ

ಮಡಿಸುವ ಬದಲು ಉದ್ದಕ್ಕೇ ಸುತ್ತಿದರೆ ಸಪೂರ ಆಗುತ್ತದಲ್ಲ? ಆಗ ದರ ಇನ್ನೂ ಕಡಿಮೆ ಆಗಬೇಕು.

ಸುರತ್ಕಲ್ ಇಂಜಿನಿಯರ್

ಸಪೂರ ಆಗುತ್ತದೆ, ಆದರೆ ಎತ್ತರ 60 ಇಂಚು ಉಳಿಯುತ್ತದೆ. ಲೆಕ್ಕ ಹಾಕಿ ನೋಡಿದೆ: ಅಡ್ಡಳತೆ ಸುಮಾರು 12 ಇಂಚು. 30 × 30 × 155 ÷ 5000, ಮತ್ತೆ 28 ಕಿಲೋ. ಫೋಮ್ ಅಷ್ಟೇ ಇದೆ, ಜಾಗವೂ ಅಷ್ಟೇ ಬೇಕು. ಮಡಿಸುವುದರ ಲಾಭ ಕಾರಿನ ಹಿಂಬದಿಗೆ, ಲಿಫ್ಟಿಗೆ, ಮೆಟ್ಟಿಲಿನ ತಿರುವಿಗೆ ಹಿಡಿಸುವುದು ಮಾತ್ರ. ಉದ್ದದ ವಸ್ತುವಿಗೆ ಹೆಚ್ಚುವರಿ ದರ ಹಾಕುವವರೂ ಇದ್ದಾರೆ, ಅದನ್ನು ಮೊದಲೇ ಕೇಳಿಕೊಳ್ಳಿ.

ಫೋಮ್ ಶೆಟ್ಟಿ, ಬೈಕಂಪಾಡಿ

ಲೆಕ್ಕ ಚೆನ್ನಾಗಿದೆ. ಇದರ ಮೇಲೆ ಇನ್ನೊಂದು ವಿಷಯ ಇದೆ, ಸಾಗಣೆಯ ಬಿಲ್ಲು ನೋಡುವವರು ಗಮನಿಸುವಂಥದ್ದು. 5000ದಿಂದ ಭಾಗಿಸುವುದು ಎಂದರೆ ಒಂದು ಘನ ಮೀಟರಿಗೆ 200 ಕಿಲೋ ಎಂದು ಲೆಕ್ಕ ಹಿಡಿಯುವುದು. ನಿಮ್ಮ ಪೆಟ್ಟಿಗೆಯ ಒಳಗಿನ ಸರಾಸರಿ ಭಾರ 200 ಮುಟ್ಟುವವರೆಗೂ ನೀವು ಹಣ ಕೊಡುವುದು ಜಾಗಕ್ಕೆ, ತೂಕಕ್ಕಲ್ಲ. 32 ಡೆನ್ಸಿಟಿಯ ಫೋಮನ್ನು 200ಕ್ಕೆ ತರಬೇಕಾದರೆ ಅದು ಸುಮಾರು ಆರನೇ ಒಂದು ಭಾಗಕ್ಕೆ ಇಳಿಯಬೇಕು. ಚೌಕ ಪೆಟ್ಟಿಗೆಯಲ್ಲಿ ದುಂಡು ಸುರುಳಿ ಇಟ್ಟಾಗ ಮೂಲೆಗಳಲ್ಲಿ ಐದನೇ ಒಂದು ಭಾಗ ಜಾಗ ಸುಮ್ಮನೆ ಹೋಗುತ್ತದೆ, ಅದನ್ನೂ ಸೇರಿಸಿದರೆ ಎಂಟನೇ ಒಂದು ಭಾಗಕ್ಕೆ ಒತ್ತಬೇಕು. ಅಷ್ಟು ಒತ್ತುವುದು ಫೋಮಿಗೆ ಒಳ್ಳೆಯದಲ್ಲ. ಆದ್ದರಿಂದ ಹಗುರ ಡೆನ್ಸಿಟಿಯ ಹಾಸಿಗೆಯನ್ನು ದೂರ ಕಳುಹಿಸುವುದು ಯಾವಾಗಲೂ ದುಬಾರಿಯೇ. 50ರ ಮೆಮೊರಿ ಫೋಮ್ ಆದರೆ ಸುಮಾರು ಐದನೇ ಒಂದಕ್ಕೇ ಎರಡೂ ತೂಕ ಸರಿಸಮ ಬರುತ್ತವೆ.

5000 ಎಂಬುದು ಎಲ್ಲರ ಅಂಕಿಯಲ್ಲ. ರಸ್ತೆ ಸಾಗಣೆಯವರಲ್ಲಿ 4500, 4000 ಕೂಡ ಇವೆ. ಅಂಕಿ ಚಿಕ್ಕದಾದಷ್ಟೂ ನಿಮ್ಮ ಕಿಲೋ ಹೆಚ್ಚುತ್ತದೆ. ದರ ಮಾತ್ರ ಕೇಳಿ ಸುಮ್ಮನಾಗಬೇಡಿ, ಎಷ್ಟರಿಂದ ಭಾಗಿಸುತ್ತೀರಿ ಎಂದೂ ಕೇಳಿ.

ಇನ್ನು ಮನೆಯಲ್ಲಿ ಕಾರ್ಖಾನೆಯಷ್ಟು ಆಗುವುದಿಲ್ಲ. ಅಲ್ಲಿ ದೊಡ್ಡ ಒತ್ತುಯಂತ್ರ ಚಪ್ಪಟೆ ಮಾಡಿ, ಒತ್ತಿದ ಸ್ಥಿತಿಯಲ್ಲೇ ಪ್ಲಾಸ್ಟಿಕ್ಕಿನ ಬಾಯಿಯನ್ನು ಬಿಸಿಯಿಂದ ಮುಚ್ಚುತ್ತದೆ. ಮನೆಯ ವ್ಯಾಕ್ಯೂಮ್ ಕ್ಲೀನರಿಗೂ ಫೋಮನ್ನು ಚಪ್ಪಟೆ ಮಾಡುವ ಶಕ್ತಿ ಸಾಕಷ್ಟಿದೆ, ಕಣ್ಣೆದುರೇ ಹಪ್ಪಳದಂತೆ ಇಳಿಯುತ್ತದೆ. ತೊಂದರೆ ಬರುವುದು ಆಮೇಲೆ. ಚೀಲದ ಬಾಯಿಯಿಂದಲೋ ಕಾಣದ ಸೂಜಿತೂತಿನಿಂದಲೋ ಗಾಳಿ ಮೆಲ್ಲನೆ ಒಳಗೆ ಬಂದು ಸುರುಳಿ ಉಬ್ಬುತ್ತದೆ. ಮೂರನೇ ಒಂದಕ್ಕೆ ಇಳಿದರೆ ಸಾಕು ಎಂದು ಲೆಕ್ಕ ಇಟ್ಟುಕೊಳ್ಳಿ. ಆಗ ಅಡ್ಡಳತೆ ಸುಮಾರು 20 ಇಂಚು, ಕೊರಿಯರಿನ ತೂಕ ಸುಮಾರು 45 ಕಿಲೋ.

ಮಾಡುವುದಾದರೆ ಹೀಗೆ ಮಾಡಿ. ಹಾಸಿಗೆಗೆಂದೇ ಸಿಗುವ ಕವಾಟವಿರುವ ದಪ್ಪ ಪ್ಲಾಸ್ಟಿಕ್ ಚೀಲ ತನ್ನಿ. ಹಾಸಿಗೆ ಪೂರ್ತಿ ಒಣಗಿರಬೇಕು, ನಮ್ಮ ಕರಾವಳಿಯ ಮಳೆಗಾಲದಲ್ಲಿ ಕವರ್ ತೇವ ಎಳೆದುಕೊಂಡಿರುತ್ತದೆ, ಹಾಗೆಯೇ ಮುಚ್ಚಿದರೆ ಬೆಂಗಳೂರು ತಲುಪುವಾಗ ಮುಗ್ಗಲು ವಾಸನೆ ಬರುತ್ತದೆ. ಗಾಳಿ ಹೀರಿ, ಮಧ್ಯಕ್ಕೆ ಮಡಿಸಿ, ಕವಾಟವಿಲ್ಲದ ತುದಿಯಿಂದ ಸುತ್ತಲು ಆರಂಭಿಸಿ, ಉಳಿದ ಗಾಳಿ ಕವಾಟದ ಕಡೆಗೆ ಹೋಗುತ್ತದೆ. ಸುತ್ತಿದ ಕೂಡಲೇ ಅಗಲವಾದ ನವಾರು ಪಟ್ಟಿಯಲ್ಲಿ ಮೂರು ಕಡೆ ಬಿಗಿಯಿರಿ. ತೆಳು ಹಗ್ಗ ಬೇಡ, ಅದು ಪ್ಲಾಸ್ಟಿಕ್ಕನ್ನೂ ಕೊಯ್ಯುತ್ತದೆ, ಫೋಮಿಗೂ ಗೆರೆ ಬೀಳುತ್ತದೆ. ಕೊನೆಗೆ ಸುರುಳಿಯನ್ನು ಹಿಡಿದಿಡುವುದು ಚೀಲವಲ್ಲ, ಆ ಪಟ್ಟಿಗಳು.

ಮಂಗಳೂರಿನಿಂದ ದಮ್ಮಾಮ್

ನಾನು ಊರಿನಲ್ಲಿ ಒಂದು ಹಾಸಿಗೆ ಮಾಡಿಸಿ ಹಡಗಿನ ಕಾರ್ಗೋದಲ್ಲಿ ಇಲ್ಲಿಗೆ ತರಿಸಿಕೊಳ್ಳುವ ಯೋಚನೆಯಲ್ಲಿದ್ದೇನೆ. ಅವರು ಘನ ಮೀಟರ್ ಲೆಕ್ಕದಲ್ಲಿ ದರ ಹೇಳುತ್ತಾರೆ. ಸುರುಳಿ ಮಾಡಿದರೆ 0.14 ಘನ ಮೀಟರ್ ಅಷ್ಟೇ ಎಂದಾಯಿತು, ಅಲ್ಲವೇ?

ಫೋಮ್ ಶೆಟ್ಟಿ, ಬೈಕಂಪಾಡಿ

ಅಂಕಿ ಸರಿ, ಯೋಚನೆ ಬೇಡ. ಒತ್ತಿಟ್ಟ ಫೋಮಿಗೆ ಕಾಲಾವಧಿ ಇದೆ. ಒಳ್ಳೆಯ ಫೋಮ್ ಒಂದೆರಡು ತಿಂಗಳು ತಡೆಯುತ್ತದೆ, ಆದರೆ ಬಿಸಿ ಮತ್ತು ತೇವ ಸೇರಿದರೆ ಲೆಕ್ಕ ಬೇರೆ. ಒತ್ತಿದ ಫೋಮ್ ಎಷ್ಟು ಹಿಂದಕ್ಕೆ ಏಳುತ್ತದೆ ಎಂದು ಪರೀಕ್ಷಿಸುವಾಗ ಪ್ರಯೋಗಾಲಯದವರು ಅದನ್ನು ಒತ್ತಿ 70 ಡಿಗ್ರಿಯ ಒಲೆಯಲ್ಲಿ 22 ಗಂಟೆ ಇಡುವುದು ಸುಮ್ಮನೆಯಲ್ಲ, ಫೋಮಿನ ಶತ್ರು ಬಿಸಿಯೇ. ಬಿಸಿಲಿನಲ್ಲಿ ನಿಂತ ಕಬ್ಬಿಣದ ಕಂಟೇನರಿನ ಒಳಗೆ ವಾರಗಟ್ಟಲೆ ಇಡುವ ಬದಲು ಅಲ್ಲಿಯೇ ಕೊಳ್ಳಿ ಮಾರಾಯರೇ.

ಮಂಗಳೂರಿನಿಂದ ದಮ್ಮಾಮ್

ಇಲ್ಲಿಯದು ಬೆನ್ನಿಗೆ ಹಿಡಿಸುವುದಿಲ್ಲ.

ಮಲ್ಪೆ ಪ್ರಕಾಶ

ನೋಡಿ, ಬೆನ್ನಿನ ವಿಷಯ ನಾನು ಮೊದಲೇ ಕೇಳಿದ್ದೆ.

ಶಾರದಾ, ಕುಂಜಿಬೆಟ್ಟು

ಸುತ್ತಿ ಆಯಿತು. ಪಕ್ಕದ ಮನೆಯ ಇಬ್ಬರು ಹುಡುಗರು ಮೊಣಕಾಲೂರಿ ಕೂತರು, ನಾನು ಪಟ್ಟಿ ಬಿಗಿದೆ. ಸಂಜೆಗೆ 17 ಇಂಚು ಇದ್ದದ್ದು ಬೆಳಿಗ್ಗೆ ನೋಡಿದರೆ 19 ಆಗಿತ್ತು, ಎತ್ತರ 34. ಪಟ್ಟಿ ಕಲ್ಲಿನಂತೆ ಬಿಗಿದಿದೆ, ಅದಕ್ಕಿಂತ ಹೆಚ್ಚು ಉಬ್ಬಲಿಲ್ಲ. ಕೊರಿಯರಿನವರ ಲೆಕ್ಕದಲ್ಲಿ 48 × 48 × 86 ÷ 5000, ಸುಮಾರು 40 ಕಿಲೋ. ರಾತ್ರಿ ಬಸ್ಸಿನ ಪಾರ್ಸೆಲ್ ಕಚೇರಿಯವರು ಅಳತೆಯನ್ನೇ ಹಿಡಿಯಲಿಲ್ಲ, ಕಣ್ಣಿನಲ್ಲೇ ನೋಡಿ ‘ಒಂದು ನಗ’ ಎಂದು ಅದಕ್ಕಿಂತ ಕಡಿಮೆಗೆ ಒಪ್ಪಿದರು. ಇವತ್ತು ರಾತ್ರಿಯ ಬಸ್ಸಿಗೆ ಹಾಕುತ್ತೇವೆ. ಮಗಳು ಬಿಚ್ಚುವಾಗ ಏನು ನೋಡಿಕೊಳ್ಳಬೇಕು?

ಫೋಮ್ ಶೆಟ್ಟಿ, ಬೈಕಂಪಾಡಿ

19 ಇಂಚು ಎಂದರೆ ಮೂರನೇ ಒಂದಕ್ಕಿಂತ ಚೆನ್ನಾಗಿಯೇ ಇಳಿದಿದೆ. ಚಾಕು ಹಾಕಬೇಡ ಎಂದು ಹೇಳಿ, ಪಟ್ಟಿ ಬಿಚ್ಚಿ ಪ್ಲಾಸ್ಟಿಕ್ಕನ್ನು ಕತ್ತರಿಯಿಂದ ಅಂಚಿನಲ್ಲಿ ಮಾತ್ರ ಕತ್ತರಿಸಲಿ. ತಲುಪಿದ ದಿನವೇ ಬಿಚ್ಚಬೇಕು, ಮನೆ ಜೋಡಿಸಿದ ಮೇಲೆ ನೋಡೋಣ ಎಂದು ಮೂಲೆಯಲ್ಲಿ ನಿಲ್ಲಿಸಿಡುವುದು ಬೇಡ. ಮುಕ್ಕಾಲು ಭಾಗ ತಕ್ಷಣ ಏಳುತ್ತದೆ, ಉಳಿದದ್ದಕ್ಕೆ ಒಂದೆರಡು ದಿನ ಬೇಕು. ಮಡಿಕೆ ಬಿದ್ದ ಮಧ್ಯದ ಗೆರೆಯಲ್ಲಿ ದಪ್ಪ ಅಳೆಯಲಿ. ಮೂರು ದಿನ ಕಳೆದರೂ ಅಲ್ಲಿ ಅರ್ಧ ಇಂಚು ತಗ್ಗು ಉಳಿದರೆ ಕೆಳಗಿನ ಪದರದ ಫೋಮ್ ಅಷ್ಟಕ್ಕಷ್ಟೇ ಎಂದು ತಿಳಿಯಿರಿ.

ಪುತ್ತೂರು ಭಟ್

ಅಳತೆ ಸಿಕ್ಕಿದ ಮೇಲೆ ಇಲ್ಲಿ ಬರೆಯಿರಿ ಅಕ್ಕ. ಒಳಗೆ 32 ಇದೆಯೋ 30 ಇದೆಯೋ ಎಂಬ ಅನುಮಾನ ನನಗೆ ಇನ್ನೂ ಹೋಗಿಲ್ಲ.